ಹಾಳೆತಟ್ಟೆ ಬಾಕ್ಸಿನ ಲಾರಿ ಬಾಡಿಗೆ: ಶೀಟಿನಲ್ಲಿ ಕಟ್ಟಿದ ಲೆಕ್ಕ, ಎಡವಿದ ಜಾಗಗಳು

ಶಿರಸಿ ಹತ್ತಿರ ಅಣ್ಣನದೊಂದು ಹಾಳೆತಟ್ಟೆ ಘಟಕ ಇದೆ. ತಟ್ಟೆ ಒತ್ತುವುದು ಅಣ್ಣ, ಪ್ಯಾಕಿಂಗ್ ಮತ್ತು ಲೆಕ್ಕ ಅತ್ತಿಗೆ. ಕಂಪ್ಯೂಟರ್ ಮುಂದೆ ಕೂರುವ ಕೆಲಸ ಎಲ್ಲಾ ನನ್ನ ತಲೆಗೆ. ತಿಂಗಳಿಗೆ ಹನ್ನೆರಡು ಹದಿಮೂರು ಸಲ ಮಾಲು ಹೋಗುತ್ತದೆ. ಪುಣೆ, ಬೆಂಗಳೂರು, ಮಡಗಾಂವ್, ಒಮ್ಮೊಮ್ಮೆ ಚೆನ್ನೈ. ಪೂರ್ತಿ ಲಾರಿ ತುಂಬುವಷ್ಟು ಯಾವತ್ತೂ ಇರುವುದಿಲ್ಲ. ಐದು ಬಾಕ್ಸಿನಿಂದ ನಲವತ್ತು ಬಾಕ್ಸಿನವರೆಗೆ, ಎಲ್ಲ ಪಾರ್ಸೆಲ್ ಲೆಕ್ಕದಲ್ಲೇ.

ಯಾರ ಕೈಲಿ ಕಳಿಸಬೇಕು, ಯಾರ ದರ ಕಡಿಮೆ, ಬಂದ ಬಿಲ್ಲು ಸರಿಯೇ, ಈ ಮೂರನ್ನೂ ನೋಡಿಕೊಳ್ಳುವ ಟಿಎಂಎಸ್ ಅನ್ನುವ ಸಾಫ್ಟ್‌ವೇರ್ ತಯಾರಾಗಿಯೇ ಸಿಗುತ್ತದೆ. ನಮ್ಮ ಗಾತ್ರಕ್ಕೆ ಅದು ದುಬಾರಿ. ಹಾಗಾಗಿ ಗೂಗಲ್ ಶೀಟ್‌ನಲ್ಲೇ ಕಟ್ಟಿದೆ. ಜೂನ್ 2025ರಿಂದ ಅಕ್ಟೋಬರ್‌ವರೆಗೆ ಆದದ್ದನ್ನು ಬರೆದಿಡುತ್ತಿದ್ದೇನೆ. ಖರ್ಚು: 5 ಮೀಟರ್ ಟೇಪು 180 ರೂಪಾಯಿ, ಹುಬ್ಬಳ್ಳಿಗೆ ಎರಡು ಸಲ ಬಸ್ಸು, ಮತ್ತು ಲೆಕ್ಕ ಇಡದಷ್ಟು ರಾತ್ರಿಗಳು.

ಜೂನ್ ಮೊದಲ ವಾರ: ಮೂವರ ದರ ಒಂದೇ ಸಾಲಿಗೆ ತಂದದ್ದು

ನಮಗೆ ಮೂವರು ಟ್ರಾನ್ಸ್‌ಪೋರ್ಟ್‌ನವರು. ಒಂದು ದೇಶದ ತುಂಬ ಶಾಖೆ ಇರುವ ದೊಡ್ಡ ಕಂಪನಿ. ಇನ್ನೊಂದು ಹುಬ್ಬಳ್ಳಿಯವರು, ವಾರಕ್ಕೆ ಮೂರು ದಿನ ಅವರ ಗಾಡಿ ಶಿರಸಿಗೆ ಬರುತ್ತದೆ. ಮೂರನೆಯದು ನಮ್ಮ ಪೇಟೆಯ ಲಾರಿ ಆಫೀಸು. ಹೆಸರು ಬೇಡ, ಹೀಗೇ ಕರೆಯುತ್ತೇನೆ.

ಪುಣೆಗೆ ದೊಡ್ಡ ಕಂಪನಿಯ ದರ ಕೆಜಿಗೆ 4.50 ರೂಪಾಯಿ. ಹುಬ್ಬಳ್ಳಿಯವರದ್ದು 6.50. ಲಾರಿ ಆಫೀಸಿನವರು ಕೆಜಿ ಮಾತೇ ಎತ್ತುವುದಿಲ್ಲ, ಬಾಕ್ಸಿಗೆ 150. ಅಣ್ಣ ಎರಡು ವರ್ಷದಿಂದ "ನಾಲ್ಕೂವರೆ ಎಲ್ಲಿ, ಆರೂವರೆ ಎಲ್ಲಿ" ಅಂತ ದೊಡ್ಡ ಕಂಪನಿಗೇ ಕೊಡುತ್ತಿದ್ದ. ನಾನೂ ತಲೆ ಆಡಿಸುತ್ತಿದ್ದೆ.

ಹಾಳೆತಟ್ಟೆಗೆ ತೂಕ ಇಲ್ಲ, ಬರೀ ಜಾಗ. ನಮ್ಮ ಹತ್ತು ಇಂಚಿನ ತಟ್ಟೆಯ ಬಾಕ್ಸ್ 54×54×40 ಸೆಂಟಿಮೀಟರ್. ಒಳಗೆ 200 ತಟ್ಟೆ. ತೂಗಿದರೆ 7 ಕೆಜಿ. ಇಂಥ ಮಾಲಿಗೆ ಯಾವ ಟ್ರಾನ್ಸ್‌ಪೋರ್ಟ್‌ನವರೂ ತಕ್ಕಡಿ ತೂಕಕ್ಕೆ ಬಿಲ್ ಮಾಡುವುದಿಲ್ಲ. ಬಾಕ್ಸಿನ ಘನ ಅಡಿ ತೆಗೆದು, ಒಂದು ಘನ ಅಡಿಗೆ ಇಷ್ಟು ಕೆಜಿ ಅಂತ ಹಿಡಿಯುತ್ತಾರೆ. ಈ 'ಇಷ್ಟು' ಇದೆಯಲ್ಲ, ಅದಕ್ಕೆ ಅವರು ಸಿಎಫ್‌ಟಿ ಅನ್ನುತ್ತಾರೆ. ಹುಬ್ಬಳ್ಳಿಯವರ ಸಿಎಫ್‌ಟಿ 6. ದೊಡ್ಡ ಕಂಪನಿಯದ್ದು 10. ಇದು ದರದ ಕಾಗದದಲ್ಲಿ ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಎರಡು ವರ್ಷ ನಾವು ಯಾರೂ ಆ ಪುಟ ತಿರುವಿರಲಿಲ್ಲ.

ಶೀಟಿನ ಮೊದಲ ಸೂತ್ರ ಇದು. E ಬಾಕ್ಸ್ ಸಂಖ್ಯೆ, F ಒಟ್ಟು ತಕ್ಕಡಿ ತೂಕ, G, H, I ಉದ್ದ ಅಗಲ ಎತ್ತರ:

```
=ROUNDUP(MAX(F2, E2*G2*H2*I2/27000*6), 0)
```

ನಲವತ್ತು ಬಾಕ್ಸ್ ಹಾಕಿ ನೋಡಿದೆ. ತಕ್ಕಡಿ ತೂಕ 280 ಕೆಜಿ. ಹುಬ್ಬಳ್ಳಿಯವರ ಲೆಕ್ಕದಲ್ಲಿ 1,037 ಕೆಜಿ. ಅದೇ 6ರ ಜಾಗಕ್ಕೆ 10 ಹಾಕಿದರೆ ದೊಡ್ಡ ಕಂಪನಿಗೆ 1,728 ಕೆಜಿ. ಅಲ್ಲಿಗೆ ನಾಲ್ಕೂವರೆ ರೂಪಾಯಿಯ ಬಣ್ಣ ಬಯಲಾಯಿತು.

ಪೂರ್ತಿ ಲೆಕ್ಕ ಹೀಗೆ ಬಂತು. ದೊಡ್ಡ ಕಂಪನಿ: ಬಾಡಿಗೆ 7,776, ಅದರ ಮೇಲೆ ಶೇ. 12 ಡೀಸೆಲ್ ಸರ್‌ಚಾರ್ಜ್ 933, ಮಾಲು ಒಪ್ಪಿಸಿದಾಗ ಕೊಡುವ ರಸೀದಿ ಅಂದರೆ ಬಿಲ್ಟಿಯ ಚಾರ್ಜು 100, ಮಾಲಿನ ರಿಸ್ಕ್ ಚಾರ್ಜು 100. ಒಟ್ಟು 8,909. ಹುಬ್ಬಳ್ಳಿಯವರು: ಬಾಡಿಗೆ 6,740.50, ಶೇ. 8 ಡೀಸೆಲ್ 539, ಉಳಿದ ಎರಡೂ ನೂರು ನೂರು. ಒಟ್ಟು 7,480. ಲಾರಿ ಆಫೀಸು: 6,000, ಹಮಾಲಿ ಬಾಕ್ಸಿಗೆ 8ರಂತೆ 320, ಬಿಲ್ಟಿ 50. ಒಟ್ಟು 6,370.

ಸರಿ, ಲಾರಿ ಆಫೀಸೇ ಅಗ್ಗ ಅಂತ ಅಣ್ಣನಿಗೆ ಫೋನ್ ಮಾಡಿದೆ. ಇಲ್ಲಿ ನನ್ನ ಮೊದಲ ತಪ್ಪು. ಅವರು ಪುಣೆಯ ತಮ್ಮ ಗೋಡೌನ್‌ವರೆಗೆ ಮಾತ್ರ ಮುಟ್ಟಿಸುತ್ತಾರೆ. ಅಲ್ಲಿಂದ ಗಿರಾಕಿಯ ಅಂಗಡಿಗೆ ಟೆಂಪೋ 1,200. ಅದನ್ನು ಗಿರಾಕಿ ಕೊಡುತ್ತಿದ್ದರು, ಆಮೇಲೆ ನಮ್ಮ ಬಿಲ್ಲಿನಲ್ಲಿ ಸದ್ದಿಲ್ಲದೆ ಕಡಿದುಕೊಳ್ಳುತ್ತಿದ್ದರು. ಅತ್ತಿಗೆ ಕಡತ ತೆಗೆದು ತೋರಿಸಿದ ಮೇಲೇ ಗೊತ್ತಾಯಿತು. ಸೇರಿಸಿದರೆ 7,570. ಹುಬ್ಬಳ್ಳಿಯವರಿಗಿಂತ 90 ರೂಪಾಯಿ ಜಾಸ್ತಿ.

ಅವತ್ತಿನಿಂದ ಶೀಟಿನಲ್ಲಿ ಎಲ್ಲ ದರವೂ 'ಗಿರಾಕಿಯ ಬಾಗಿಲಿಗೆ, ಒಂದು ಬಾಕ್ಸಿಗೆ' ಅನ್ನುವ ಒಂದೇ ಅಂಕಿಯಲ್ಲಿ ಕೊನೆಯಾಗುತ್ತದೆ. ಕೆಜಿ ದರದ ಕಾಲಂ ಇದೆ, ಆದರೆ ಅದನ್ನು ಬೂದು ಬಣ್ಣ ಮಾಡಿ ಮೂಲೆಗೆ ಹಾಕಿದ್ದೇನೆ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ನೋಡಿ, ಅದಕ್ಕೆ.

27000 ಅಂದರೆ ಏನು ಅಂತ ತಲೆ ಕೆಡಿಸಿಕೊಂಡದ್ದು

ಸೂತ್ರದಲ್ಲಿರುವ 27000 ನನ್ನದಲ್ಲ, ದರದ ಕಾಗದದಲ್ಲೇ ಇತ್ತು. ಘನ ಸೆಂಟಿಮೀಟರನ್ನು ಘನ ಅಡಿ ಮಾಡುವ ಭಾಜಕ. ಸುಮ್ನೆ ಕುತೂಹಲಕ್ಕೆ ಪರೀಕ್ಷೆ ಮಾಡಿದೆ. ಒಂದು ಅಡಿ 30.48 ಸೆಂಟಿಮೀಟರ್. ಅದರ ಘನ 28,317 ಬರುತ್ತದೆ. 27000 ಬರಬೇಕಾದರೆ ಅಡಿ ಅಂದರೆ ಸರಿಯಾಗಿ 30 ಸೆಂಟಿಮೀಟರ್ ಅಂತ ಹಿಡಿಯಬೇಕು. ಅಂದರೆ ಅವರ ಅಡಿ ನಮ್ಮ ಅಡಿಗಿಂತ ಗಿಡ್ಡ. ಪ್ರತಿ ಬಾಕ್ಸೂ ಶೇ. 4.9ರಷ್ಟು ದಪ್ಪವಾಗಿ ಕಾಣುತ್ತದೆ. ನಲವತ್ತು ಬಾಕ್ಸಿಗೆ ಡೀಸೆಲ್ ಸೇರಿ 337 ರೂಪಾಯಿ.

ಸಿಕ್ಕಿಬಿದ್ದರು ಅಂತ ಖುಷಿಯಲ್ಲಿ ಹುಬ್ಬಳ್ಳಿಗೆ ಮೇಲ್ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು, ಎರಡೇ ಸಾಲು: ನೀವು ಸಹಿ ಹಾಕಿದ ಕಾಗದದಲ್ಲಿ 27000 ಇದೆ, ಪಾರ್ಸೆಲ್ ಲೈನಿನಲ್ಲಿ ಇದು ರೂಢಿ. ನಿಜ. ದೊಡ್ಡ ಕಂಪನಿಯ ಕಾಗದ ತೆಗೆದರೆ ಅಲ್ಲೂ 27000.

ಬಿಲ್ ತಪಾಸಣೆ ಮಾಡುವಾಗ ನೋಡಬೇಕಾದದ್ದು ನಾವು ಒಪ್ಪಿದ್ದಕ್ಕೆ ಬಿಲ್ಲು ಸರಿಹೊಂದುತ್ತದಾ ಅಂತ. ಒಪ್ಪಿದ್ದೇ ನ್ಯಾಯವೋ ಅಲ್ಲವೋ ಅನ್ನುವುದು ಮುಂದಿನ ಸಲ ದರ ಮಾತಾಡುವಾಗಿನ ಮಾತು. ಎರಡನ್ನೂ ಒಂದೇ ಮೇಲ್‌ನಲ್ಲಿ ಕಲಸಿದರೆ ಸರಿಯಾದ ತಕರಾರಿಗೂ ಬೆಲೆ ಹೋಗುತ್ತದೆ. ನನ್ನದು ಹೋಯಿತು. ಮುಂದಿನ ಎರಡು ಮೇಲ್‌ಗೆ ಅವರು ಉತ್ತರವನ್ನೇ ಕೊಡಲಿಲ್ಲ.

ಅದಾದ ಮೇಲೆ 27000 ಮತ್ತು 6 ಎರಡನ್ನೂ ಸೂತ್ರದಿಂದ ತೆಗೆದು ದರದ ಶೀಟಿಗೆ ಹಾಕಿದೆ. ಒಬ್ಬೊಬ್ಬರಿಗೂ ಅವರದ್ದೇ ಭಾಜಕ, ಅವರದ್ದೇ ಸಿಎಫ್‌ಟಿ.

ಜೂನ್ ಕೊನೆ: 1,137 ರೂಪಾಯಿಯ ಜಗಳ

ಹುಬ್ಬಳ್ಳಿಯವರ ಕೈಲಿ ಕಳಿಸಿದ ಮೊದಲ ನಲವತ್ತು ಬಾಕ್ಸಿನ ಬಿಲ್ಲು ಬಂತು. ಶೀಟು ಹೇಳಿದ್ದು 7,480. ಬಿಲ್ಲಿನಲ್ಲಿ 8,617. ವ್ಯತ್ಯಾಸ 1,137. ತೂಕದ ಜಾಗದಲ್ಲಿ 1,199 ಕೆಜಿ ಅಂತಿತ್ತು. ಅಳತೆ 56×56×43 ಅಂತ ಬರೆದಿದ್ದರು.

ನಮ್ಮ ಬಾಕ್ಸು 54×54×40. ಬಾಕ್ಸಿನ ಮೈಮೇಲೇ ಅಚ್ಚಾಗಿದೆ. ಅಣ್ಣ ಸಿಟ್ಟಾದ. "ಎಂತ ಮಾರಾಯ, ಟೇಪು ಹಿಡಿಯಲಿಕ್ಕೂ ಬರೋದಿಲ್ವಾ ಅವರಿಗೆ? ಹೋಗಿ ಕೇಳು."

ಹೋದೆ. ಮಳೆ ಜೋರಿತ್ತು, ಮುಂಡಗೋಡ ದಾಟುವವರೆಗೂ ಬಸ್ಸಿನ ಕಿಟಕಿ ತೆಗೆಯಲಿಕ್ಕಾಗಲಿಲ್ಲ. ಪುಣೆ ಮಾಲು ಹೋಗಿ ಆಗಿತ್ತು, ಆದರೆ ಬೆಂಗಳೂರಿಗೆ ಹೋಗಬೇಕಾದ ನಮ್ಮದೇ ಹದಿನೈದು ಬಾಕ್ಸು ಗೋಡೌನ್‌ನಲ್ಲಿತ್ತು. ಸೂಪರ್‌ವೈಸರ್ ಐವತ್ತು ದಾಟಿದವರು. ನಾನು ಬಂದ ಕಾರಣ ಕೇಳಿ ನಕ್ಕರು. ಒಂದು ಮಾತೂ ವಾದ ಮಾಡಲಿಲ್ಲ. ಕಿಸೆಯಿಂದ ಟೇಪು ತೆಗೆದು ನನ್ನ ಕೈಗೆ ಕೊಟ್ಟರು. "ನೀವ ಅಳೀರಿ ಸರ. ನಡುವ ಹಿಡೀರಿ, ಅಂಚಿಗೆ ಬ್ಯಾಡ."

ಅಂಚಿನಲ್ಲಿ 54. ಹೊಟ್ಟೆಯ ಹತ್ತಿರ 55.6. ಎತ್ತರ 42.3. ಹದಿನೈದರಲ್ಲಿ ಹನ್ನೊಂದು ಬಾಕ್ಸು ಹೀಗೇ ಬಸುರಿಯ ಹಾಗೆ ಉಬ್ಬಿತ್ತು. ಅವರ ನಿಯಮ ಪ್ರಕಾರ ಅತಿ ಉಬ್ಬಿದ ಜಾಗದಲ್ಲಿ ಅಳೆಯುವುದು, ಮತ್ತು ಪ್ರತಿ ಬದಿಯನ್ನೂ ಮುಂದಿನ ಪೂರ್ಣ ಸೆಂಟಿಮೀಟರಿಗೆ ಏರಿಸುವುದು. 55.6 ಅಂದರೆ 56. 42.3 ಅಂದರೆ 43. ಬಿಲ್ಲು ಅಕ್ಷರಶಃ ಸರಿಯಿತ್ತು.

"ಲಾರಿಯೊಳಗ ಬಾಕ್ಸ ಅಂಚಿಂದ ಕೂಡಂಗಿಲ್ರೀ, ಹೊಟ್ಟಿಯಿಂದ ಕೂಡತೈತಿ," ಅಂದರು. ಅದಕ್ಕೆ ಹೇಳಲಿಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಜುಲೈ: ಬಾಕ್ಸಿನ ಹೊಟ್ಟೆ ಕರಗಿಸುವ ಕೆಲಸ

ಯಾಕೆ ಉಬ್ಬುತ್ತದೆ ಅಂತ ನೋಡಲಿಕ್ಕೆ ಒಂದು ವಾರ ಪ್ಯಾಕಿಂಗ್ ಶೆಡ್ಡಿನಲ್ಲೇ ಇದ್ದೆ. ಎರಡು ಕಾರಣ ಸಿಕ್ಕಿತು.

ಒಂದು, ಮಳೆಗಾಲದ ತೇವ. ಬಾಕ್ಸಿನ ರಟ್ಟು ಗಾಳಿಯ ನೀರು ಹೀರಿ ಮೆತ್ತಗಾಗುತ್ತದೆ. ನಾವು ಖಾಲಿ ಬಾಕ್ಸಿನ ಕಟ್ಟುಗಳನ್ನು ಸಿಮೆಂಟ್ ನೆಲದ ಮೇಲೆ ಇಡುತ್ತಿದ್ದೆವು. ಕೆಳಗಿನ ಕಟ್ಟಿನ ರಟ್ಟು ಹಪ್ಪಳ ನೆನೆದ ಹಾಗಾಗಿತ್ತು, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು.

ಇನ್ನೊಂದು ನನಗೆ ಹೊಳೆದೇ ಇರಲಿಲ್ಲ, ಅತ್ತಿಗೆ ಕಂಡುಹಿಡಿದದ್ದು. ಹತ್ತು ಇಂಚಿನ ತಟ್ಟೆ 25.4 ಸೆಂಟಿಮೀಟರ್. ಅಕ್ಕಪಕ್ಕ ಎರಡು ಅಟ್ಟಿ ಇಟ್ಟರೆ 50.8. ಬಾಕ್ಸಿನ ಒಳಗೆ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಸಡಿಲು ಉಳಿಯುತ್ತದೆ. ಗಾಡಿ ಅಲ್ಲಾಡಿದಾಗ ಐವತ್ತು ತಟ್ಟೆಯ ಅಟ್ಟಿ ಆ ಸಡಿಲಿಗೆ ವಾಲುತ್ತದೆ. ವಾಲಿದ ಅಟ್ಟಿ ಬದಿಯ ರಟ್ಟನ್ನು ಹೊರಗೆ ತಳ್ಳುತ್ತದೆ. ನಾವು ತಟ್ಟೆಗೆ ಪೆಟ್ಟಾಗಬಾರದು ಅಂತಲೇ ಜಾಗ ಬಿಟ್ಟದ್ದು!

ಮೊದಲು ಮಾಡಿದ್ದು ಐದು ಪದರದ ಗಟ್ಟಿ ಬಾಕ್ಸು. ಇಪ್ಪತ್ತು ತರಿಸಿದೆವು. ಉಬ್ಬಲಿಲ್ಲ, ಆದರೆ ರಟ್ಟೇ ದಪ್ಪ. ಹೊರಗಿನ ಅಳತೆ 54.4ಕ್ಕೆ ಹೋಯಿತು, ಅವರ ನಿಯಮದಲ್ಲಿ ಅದು 55. ಬಾಕ್ಸಿನ ಬೆಲೆಯೂ ಜಾಸ್ತಿ. ದುಡ್ಡು ಹೋಯಿತು, ಕೈಬಿಟ್ಟೆವು. ಆ ಇಪ್ಪತ್ತು ಬಾಕ್ಸಿನಲ್ಲಿ ಈಗ ಅತ್ತಿಗೆಯ ಹಳೇ ರಸೀದಿ ಇದೆ.

ಕೊನೆಗೆ ಉಳಿದದ್ದು ಇಷ್ಟು. ಹಳೇ ಮೂರು ಪದರದ್ದೇ ಬಾಕ್ಸು, ಹೊರಗಿನ ಅಳತೆ 53×53×40. ನಡುವಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿದು ಕಟ್ಟುವುದು. ಖಾಲಿ ಬಾಕ್ಸುಗಳನ್ನು ಅಡಿಕೆ ದಬ್ಬೆಯ ಅಟ್ಟದ ಮೇಲೆ ಇಡುವುದು. ಈಗಲೂ ಸ್ವಲ್ಪ ಉಬ್ಬುತ್ತದೆ. ಹುಬ್ಬಳ್ಳಿಯಲ್ಲಿ ಅಳೆದಾಗ 54×54×41 ಬರುತ್ತದೆ. ನಲವತ್ತು ಬಾಕ್ಸಿಗೆ 1,063 ಕೆಜಿ. ಹಳೇ ದರದಲ್ಲಿ ಒಟ್ಟು 7,662. ಅಂದರೆ 1,137ರ ಜಗಳದಲ್ಲಿ 955 ರೂಪಾಯಿ ವಾಪಸು ಬಂತು. ಬಿಲ್ಲಿನ ಮೇಲೆ ಜಗಳ ಆಡಿ ಬಂದದ್ದಲ್ಲ ಅದು, ಪಟ್ಟಿ ಬಿಗಿದು ಬಂದದ್ದು.

ಶೀಟಿನಲ್ಲೂ ಬದಲಾಯಿಸಿದೆ. ಅಳತೆಯ ಕಾಲಂನಲ್ಲಿ ಈಗ ಅಚ್ಚಾದ ಅಳತೆ ಇಲ್ಲ. ಗಾಡಿಗೆ ಹಾಕುವ ಮುಂಚೆ ಅತ್ತಿಗೆ ಮೂರು ಬಾಕ್ಸಿನ ನಡು ಅಳೆದು, ಅತಿ ದೊಡ್ಡದನ್ನು ಬರೆಯುತ್ತಾರೆ. ಟೇಪು ಬಾಕ್ಸಿನ ಮೇಲೆ ಹಿಡಿದು ಫೋಟೋ ತೆಗೆದು ಎಲ್‌ಆರ್, ಅಂದರೆ ಬಿಲ್ಟಿ ನಂಬರಿನ ಹೆಸರಲ್ಲಿ ಇಡುತ್ತಾರೆ. ಆ ಫೋಟೋ ಎರಡು ಸಲ ಕೆಲಸಕ್ಕೆ ಬಂದಿದೆ.

ಆಗಸ್ಟ್: ತಪಾಸಣೆಯೇ ಕುರುಡಾಗಿತ್ತು

ಇದು ಬರೆಯಲಿಕ್ಕೆ ನಾಚಿಕೆ. ಆದರೂ ಎಲ್ಲಕ್ಕಿಂತ ಮುಖ್ಯ ಇದೇ.

ಜುಲೈ 1ರಿಂದ ಹುಬ್ಬಳ್ಳಿಯವರ ದರ 6.80 ಆಯಿತು. ದರದ ಶೀಟಿನಲ್ಲಿ ಪ್ರತಿ ದರಕ್ಕೂ 'ಇಂದ', 'ವರೆಗೆ' ಅಂತ ಎರಡು ತಾರೀಖು ಇದೆ. ಬಿಲ್ಲಿನ ತಾರೀಖಿಗೆ ಸರಿಯಾದ ದರ ಎತ್ತಲು ಈ ಸೂತ್ರ ಬರೆದಿದ್ದೆ. B ಟ್ರಾನ್ಸ್‌ಪೋರ್ಟ್‌ನವರು, C ಊರು, D ತಾರೀಖು:

```
=SUMIFS(rate!E:E, rate!A:A,B2, rate!B:B,C2,
        rate!C:C,"<="&D2, rate!D:D,">="&D2)
```

ಮೊದಲ ತೊಂದರೆ ಬೇಗ ಕಂಡಿತು. D2ನಲ್ಲಿ ನಾನು ಬಿಲ್ಲಿನ ತಾರೀಖು ಹಾಕಿದ್ದೆ. ಜೂನ್ 27ಕ್ಕೆ ಹೋದ ಮಾಲಿನ ಬಿಲ್ಲು ಜುಲೈ 5ಕ್ಕೆ ಬರುತ್ತದೆ. ಶೀಟು ಅದಕ್ಕೆ ಜುಲೈ ದರ ಹುಡುಕುತ್ತಿತ್ತು, ಅವರು ನ್ಯಾಯವಾಗಿ 6.50 ಹಾಕಿದ್ದರು. ದರ ಯಾವತ್ತೂ ಎಲ್‌ಆರ್ ತಾರೀಖಿನದ್ದು, ಬಿಲ್ಲಿನದ್ದಲ್ಲ. ಬದಲಾಯಿಸಿದೆ.

ಎರಡನೆಯದು ಒಂದು ತಿಂಗಳು ಕಾಣಲೇ ಇಲ್ಲ. ಹೊಸ ದರದ ಸಾಲು ಸೇರಿಸುವಾಗ ಹಳೇ ಸಾಲಿನ 'ವರೆಗೆ' ತಾರೀಖನ್ನು ಜೂನ್ 30 ಮಾಡಬೇಕಿತ್ತು. ನಾನು ಜುಲೈ 31 ಅಂತ ಒತ್ತಿದ್ದೆ. ಜುಲೈ ಪೂರ್ತಿ ಎರಡು ಸಾಲೂ ಜೀವಂತ. SUMIFS ಏನು ಮಾಡುತ್ತದೆ? ಹೆಸರೇ ಹೇಳುವ ಹಾಗೆ ಕೂಡುತ್ತದೆ. 6.50 ಮತ್ತು 6.80 ಸೇರಿ ಕೆಜಿಗೆ 13.30.

ಜುಲೈನ ಹನ್ನೊಂದು ಬಿಲ್ಲಿನಲ್ಲಿ ಜುಲೈ ಎಲ್‌ಆರ್‌ನ ಎಲ್ಲಕ್ಕೂ ಶೀಟಿನ ಅಂದಾಜು ಸುಮಾರು ಎರಡು ಪಟ್ಟು. ಬಂದ ಬಿಲ್ಲು ಅದಕ್ಕಿಂತ ಕಡಿಮೆ. ನನ್ನ ತಪಾಸಣೆ 'ಬಿಲ್ಲು ಜಾಸ್ತಿ ಇದ್ದರೆ ಕೆಂಪು' ಅಂತ ಮಾತ್ರ ಇತ್ತು. ಹನ್ನೊಂದೂ ಹಸಿರು. ನಾನು ಅಣ್ಣನಿಗೆ "ಈ ತಿಂಗಳು ಒಂದೂ ತಪ್ಪಿಲ್ಲ, ಅವರು ಸರಿಯಾಗಿದ್ದಾರೆ" ಅಂತ ಹೇಳಿ ಬಿಲ್ ಪಾಸು ಮಾಡಿಸಿದೆ.

ಅತ್ತಿಗೆ ಆಗಸ್ಟ್ ಎರಡನೇ ವಾರ ಕೇಳಿದರು. "ತಮ್ಮಾ, ಪುಣೆಗೆ ನಲವತ್ತು ಬಾಕ್ಸಿಗೆ ಹದಿನೈದು ಸಾವಿರ ಅಂತ ತೋರಿಸ್ತಾ ಇದೆ ನಿನ್ನ ಶೀಟು. ಯಾವ ಲಾರಿಲಿ ಕಳಿಸ್ತಾ ಇದ್ದೆ, ವಿಮಾನದಲ್ಲಾ?"

ಹನ್ನೊಂದನ್ನೂ ಕೈಯಲ್ಲಿ ಮತ್ತೆ ಲೆಕ್ಕ ಹಾಕಿದೆ. ಮೂರರಲ್ಲಿ ತಪ್ಪಿತ್ತು. ದುಡ್ಡು ಕೊಟ್ಟಾಗಿತ್ತು, ಮುಂದಿನ ಬಿಲ್ಲಿನಲ್ಲಿ ಕಳೆಯಲು ಒಪ್ಪಿದರು. ಈಗಿನ ಸೂತ್ರ ಎರಡು ಕಡೆಯೂ ನೋಡುತ್ತದೆ. J ನಮ್ಮ ಅಂದಾಜು, K ಬಂದ ಬಿಲ್ಲು:

```
=IF(COUNTIFS(rate!A:A,B2, rate!B:B,C2,
     rate!C:C,"<="&D2, rate!D:D,">="&D2)<>1, "RATE?",
  IF(ABS(K2-J2)<=MAX(25,J2*0.01), "OK",
  IF(K2>J2, "HIGH", "LOW")))
```

ಒಂದು ತಾರೀಖಿಗೆ ಸರಿಯಾಗಿ ಒಂದೇ ದರ ಸಿಗಬೇಕು. ಎರಡು ಸಿಕ್ಕರೂ, ಒಂದೂ ಸಿಗದಿದ್ದರೂ `RATE?`. ಮತ್ತು `LOW` ಬಂದರೆ ಖುಷಿಪಡುವುದಿಲ್ಲ. ನಮ್ಮಲ್ಲಿ ಬಂದ ಆರು `LOW`ನಲ್ಲಿ ಐದು ನಮ್ಮದೇ ಶೀಟಿನ ತಪ್ಪು. ಆರನೆಯದರಲ್ಲಿ ಅವರೇ ಡೀಸೆಲ್ ಸರ್‌ಚಾರ್ಜ್ ಮರೆತಿದ್ದರು. ಹೇಳಿದೆವು. ಯಾಕೆ ಹೇಳಿದೆ ಅಂತ ಅಣ್ಣ ಇವತ್ತಿಗೂ ಗೊಣಗುತ್ತಾನೆ.

25 ರೂಪಾಯಿ ಅಥವಾ ಶೇ. 1ರವರೆಗೆ ಬಿಟ್ಟುಬಿಡುವುದು ಅನುಭವದಿಂದ ಬಂದದ್ದು. ಮೊದಲು ಒಂದು ರೂಪಾಯಿಗೂ ಕೆಂಪು ಬರುತ್ತಿತ್ತು. ಕೆಲವರು ಒಂದೊಂದು ಬಾಕ್ಸಿನ ತೂಕವನ್ನೇ ಮೇಲಕ್ಕೆ ಏರಿಸುತ್ತಾರೆ, ಕೆಲವರು ಒಟ್ಟು ತೂಕವನ್ನು. 25.92 ಅನ್ನು 26 ಮಾಡಿ ನಲವತ್ತರಿಂದ ಗುಣಿಸಿದರೆ 1,040. ಒಟ್ಟು ಏರಿಸಿದರೆ 1,037. ಆ ಮೂರು ಕೆಜಿಗೆ ಫೋನ್ ಮಾಡುತ್ತಾ ಕೂತರೆ ಬೇರೆ ಕೆಲಸ ಆಗುವುದಿಲ್ಲ.

ಒಂದೇ ಬಿಲ್ಟಿ, ಎರಡು ಸಲ

ಜೂನ್‌ನ ಹತ್ತು ಬಾಕ್ಸಿನ ಬಿಲ್ಲೊಂದು, 2,025 ರೂಪಾಯಿ, ಜುಲೈನ ಪಟ್ಟಿಯಲ್ಲೂ ಬಂದಿತ್ತು. ಜುಲೈನಲ್ಲಿ ಸಿಕ್ಕ ಮೂರು ತಪ್ಪಿನಲ್ಲಿ ಒಂದು ಇದೇ. ಇದನ್ನು ಹಿಡಿಯಲು, ಒಂದು ನಂಬರು ಎಷ್ಟು ಸಲ ಬಂದಿದೆ ಅಂತ ಎಣಿಸುವ `COUNTIF` ನಾನು ಮೊದಲೇ ಹಾಕಿದ್ದೆ. ಅದು ಹಿಡಿಯಲಿಲ್ಲ. ಯಾಕೆಂದರೆ ಒಂದರಲ್ಲಿ ನಂಬರ್ `HBL/25-26/004512`, ಇನ್ನೊಂದರಲ್ಲಿ ಬರೀ `4512`. ಶೀಟಿಗೆ ಅವೆರಡೂ ಬೇರೆ ಬೇರೆ.

ಅಂಕಿ ಅಲ್ಲದ್ದನ್ನೆಲ್ಲ ತೆಗೆದುಹಾಕಿ ನೋಡಿದೆ. 25-26ರ ಅಂಕಿಯೂ ಸೇರಿ 2526004512 ಆಯಿತು. ಮತ್ತೆ ಸೋಲು. ಕೊನೆಯ ಅಂಕಿಗಳನ್ನು ಮಾತ್ರ ಎತ್ತುವ ಈ ಸೂತ್ರ ನಿಂತಿತು:

```
=B2&"-"&VALUE(REGEXEXTRACT(TO_TEXT(A2),"[0-9]+$"))
```

ಮುಂದೆ ಟ್ರಾನ್ಸ್‌ಪೋರ್ಟ್‌ನವರ ಗುರುತು ಇರಲೇಬೇಕು. ಇಲ್ಲದಿದ್ದರೆ ಲಾರಿ ಆಫೀಸಿನ 4512ಕ್ಕೂ ಹುಬ್ಬಳ್ಳಿಯ 4512ಕ್ಕೂ ಜಗಳ ಹಚ್ಚುತ್ತದೆ. ಏಪ್ರಿಲ್‌ನಲ್ಲಿ ಅವರ ನಂಬರು ಮತ್ತೆ 1ರಿಂದ ಶುರುವಾಗುತ್ತದೆ, ಆವಾಗ ವರ್ಷವನ್ನೂ ಸೇರಿಸಬೇಕು. ಅದು ಇನ್ನೂ ಮಾಡಿಲ್ಲ.

ಉಳಿದ ಚಿಲ್ಲರೆ ಎರಡು. ದೊಡ್ಡ ಕಂಪನಿಯ ಒಂದು ಬಿಲ್ಲಿನಲ್ಲಿ ಜಿಎಸ್‌ಟಿ ರಿವರ್ಸ್ ಚಾರ್ಜ್, ಅಂದರೆ ಬಾಡಿಗೆ ಕೊಡುವವರೇ ಕಟ್ಟಬೇಕು, ಅಂತ ಸೀಲು ಒತ್ತಿದ್ದರು. ಕೆಳಗೆ ಶೇ. 5 ಸೇರಿಸಿಯೂ ಇದ್ದರು. ಎರಡರಲ್ಲಿ ಒಂದೇ ಇರಬೇಕು, ಇಲ್ಲದಿದ್ದರೆ ನಾವು ಅವರಿಗೊಮ್ಮೆ ಸರ್ಕಾರಕ್ಕೊಮ್ಮೆ ಕೊಟ್ಟ ಹಾಗೆ. ತಿದ್ದಿ ಕೊಟ್ಟರು. ಇನ್ನೊಂದು, 'ದೂರದ ಊರು' ಅಂತ ಮೂರು ಸಲ 750 ಹಾಕಿದ್ದರು. ದರ ಒಪ್ಪಿಕೊಂಡ ದಿನದ ಅವರದ್ದೇ ಪಿನ್‌ಕೋಡ್ ಪಟ್ಟಿಯಲ್ಲಿ ಆ ಊರು ಮಾಮೂಲಿ ಊರು. ಆ ಪಟ್ಟಿಯ ಪ್ರತಿಯನ್ನು ಅತ್ತಿಗೆ ಜೋಪಾನವಾಗಿ ಇಟ್ಟಿದ್ದರಿಂದ ಮಾತು ಎರಡು ನಿಮಿಷದಲ್ಲಿ ಮುಗಿಯಿತು.

ಸೆಪ್ಟೆಂಬರ್: ಯಾರಿಗೆ ಕೊಡಬೇಕು ಅನ್ನುವ ಕಾಲಂ

ಇದನ್ನು ಮೊದಲು ನೂರು ಅಂಕದ ಪರೀಕ್ಷೆ ಹಾಗೆ ಮಾಡಿದ್ದೆ. ದರಕ್ಕೆ 50, ದಿನಕ್ಕೆ 30, ಮಾಲು ಕೆಡದೆ ಮುಟ್ಟುವುದಕ್ಕೆ 20. ನೋಡಲಿಕ್ಕೆ ಚೆಂದ ಇತ್ತು. ಮಡಗಾಂವ್‌ಗೆ ಹಾಕಿ ನೋಡಿದಾಗ ಮುರಿದುಬಿತ್ತು.

ಮಡಗಾಂವ್‌ಗೆ ಲಾರಿ ಆಫೀಸಿನವರು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ, ಕಾರವಾರದ ಮೇಲೆ ಹೋಗುತ್ತಾರೆ. ದರ ಎಲ್ಲರಿಗಿಂತ ಕಡಿಮೆ. ಜುಲೈ 16, 2024ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ನಮ್ಮ ಇಪ್ಪತ್ತೈದು ಬಾಕ್ಸು ಕುಮಟಾದ ಶೆಡ್ಡಿನಲ್ಲಿತ್ತು. ಅಲ್ಲಿ ಸತ್ತವರ ಮನೆಯವರ ಮುಂದೆ ನಮ್ಮ ಬಾಕ್ಸಿನ ಕಥೆ ಏನೂ ಅಲ್ಲ. ಆದರೆ ಲೆಕ್ಕ ಬರೆಯುತ್ತಿದ್ದೇನಲ್ಲ, ಬರೆಯಬೇಕು. ಒಂಬತ್ತು ದಿನ ತೇವ ಕುಡಿದು ತಟ್ಟೆಗೆ ಬೂಸ್ಟು ಹಿಡಿಯಿತು, ಗಿರಾಕಿ ವಾಪಸು ಕಳಿಸಿದರು. ಆಮೇಲೆ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು.

ನನ್ನ ನೂರು ಅಂಕದ ಲೆಕ್ಕದಲ್ಲಿ ಜುಲೈ ತಿಂಗಳಿಗೂ ಗೆದ್ದದ್ದು ಅದೇ ಲಾರಿ ಆಫೀಸು. ದರದಲ್ಲಿ ಸಿಕ್ಕ ಅಂಕ ದಾರಿಯ ಅಪಾಯವನ್ನು ಮುಚ್ಚಿಬಿಟ್ಟಿತ್ತು. ಹೋಗಲಿಕ್ಕೇ ಆಗದ ದಾರಿಗೆ ಅಗ್ಗ ಅಂತ ಅಂಕ ಕೊಟ್ಟು ಏನು ಪ್ರಯೋಜನ?

ಅಂಕ ಎಲ್ಲಾ ಅಳಿಸಿದೆ. ಈಗ ಮೊದಲು ತೆಗೆದುಹಾಕುವುದು, ಆಮೇಲೆ ಉಳಿದವರ ದರ ನೋಡುವುದು. ತೆಗೆದುಹಾಕಲು ಮೂರೇ ಪ್ರಶ್ನೆ. ಗಿರಾಕಿಯ ಪಿನ್‌ಕೋಡ್‌ಗೆ ಬಾಗಿಲವರೆಗೆ ಹೋಗುತ್ತಾರಾ? ಗಿರಾಕಿ ಕೇಳಿದ ದಿನದೊಳಗೆ ಹಿಂದಿನ ಐದರಲ್ಲಿ ನಾಲ್ಕು ಸಲ ಮುಟ್ಟಿಸಿದ್ದಾರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ದಾರಿ ಕರಾವಳಿ ಮೇಲೆ ಹೋಗುತ್ತದಾ? ಮೂರನೆಯದಕ್ಕೆ ಹೌದು ಅಂತ ಇದ್ದರೆ ಅತ್ತಿಗೆ ಅವತ್ತೇ ಫೋನ್ ಮಾಡಿ ರಸ್ತೆ ಕೇಳಿದ ಮೇಲೆ ಮಾತ್ರ ಆ ಸಾಲು ತೆರೆಯುತ್ತದೆ. ಇಲ್ಲದಿದ್ದರೆ ಹುಬ್ಬಳ್ಳಿ, ಬೆಳಗಾವಿ ಸುತ್ತಿ ಹೋಗುವವರಿಗೆ. ಬಾಕ್ಸಿಗೆ 40 ರೂಪಾಯಿ ಜಾಸ್ತಿ ಬೀಳುತ್ತದೆ. ಕೊಡುತ್ತೇವೆ.

ಅಕ್ಟೋಬರ್: ಈಗ ನಿಂತಿರುವ ಜಾಗ

ಐದು ತಿಂಗಳಲ್ಲಿ 61 ಬಿಲ್ಲು. 19ಕ್ಕೆ ಕೆಂಪು ಬಂತು. ಅದರಲ್ಲಿ 11 ನಮ್ಮದೇ ತಪ್ಪು, 8 ಅವರದ್ದು. ವಾಪಸು ಬಂದ ದುಡ್ಡು 6,840.

ಹೋದ ವಾರ ಹುಬ್ಬಳ್ಳಿಯ ಸೂಪರ್‌ವೈಸರ್ ಅವರೇ ಫೋನ್ ಮಾಡಿದರು. ಟೇಪು ಹಿಡಿಯುವ ರಗಳೆ ಅವರಿಗೂ ಸಾಕಾಗಿದೆ. ಪುಣೆಗೆ ಎಲ್ಲ ಚಾರ್ಜೂ ಸೇರಿ ಬಾಕ್ಸಿಗೆ 192, ಬಾಕ್ಸು 54×54×41 ಒಳಗಿದ್ದರೆ ಅಳತೆಯೇ ಬೇಡ, ಆದರೆ ಕಡಿಮೆ ಅಂದರೂ ಹತ್ತು ಬಾಕ್ಸಿನ ಬಿಲ್ಲು. ಅಣ್ಣ ಕೂಡಲೇ ಹೂಂ ಅನ್ನುವವನಿದ್ದ. ತಡಿ ಅಂದೆ.

ನಲವತ್ತು ಬಾಕ್ಸಿಗೆ ಈಗಿನ ದರದಲ್ಲಿ 8,007, ಅವರ ಹೊಸ ಲೆಕ್ಕದಲ್ಲಿ 7,680. ಲಾಭ. ಆದರೆ ನಮ್ಮ 61ರಲ್ಲಿ 22 ಹತ್ತಕ್ಕಿಂತ ಕಡಿಮೆಯವು. ಐದು ಬಾಕ್ಸಿಗೆ ಈಗ ಕೊಡುವುದು 1,177, ಹೊಸದರಲ್ಲಿ ಹತ್ತರ ಬಿಲ್ಲು 1,920. ಶೀಟಿನಲ್ಲಿ ಒಂದೊಂದೇ ಬಾಕ್ಸು ಏರಿಸುತ್ತಾ ಹೋದೆ. ಎಂಟಕ್ಕೆ ತೂಕದ ಲೆಕ್ಕ 1,764, ಅದೇ ಅಗ್ಗ. ಒಂಬತ್ತಕ್ಕೆ 1,963, ಅಲ್ಲಿಂದ ಮೇಲೆ ಬಾಕ್ಸ್ ದರ ಅಗ್ಗ.

ಎಂಟರವರೆಗೆ ತೂಕ, ಒಂಬತ್ತರಿಂದ ಬಾಕ್ಸು, ಎರಡೂ ಒಂದೇ ಕಾಗದದಲ್ಲಿ ಬರೆದುಕೊಡಿ ಅಂತ ಕೇಳಿದೆ.

"ಎಂಟ, ಒಂಬತ್ತ ಅಂತ ಎಲ್ಲಿಂದ ತಂದ್ರಿ ಸರ ಇದನ್ನ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಹೇಬ್ರನ್ನ ಕೇಳಿ ಸೋಮವಾರ ಹೇಳತೀನಿ" ಅಂದರು. ದರದ ಶೀಟಿನಲ್ಲಿ ಹೊಸ ಸಾಲು ಹಾಕಿಟ್ಟಿದ್ದೇನೆ. 'ಇಂದ' ಕಾಲಂ ಖಾಲಿ ಇದೆ. ಹಳೇ ಸಾಲಿನ 'ವರೆಗೆ' ತಾರೀಖನ್ನು ಈ ಸಲ ಅತ್ತಿಗೆಯೇ ಒತ್ತುತ್ತಾರಂತೆ.